ಮಾತಿಲ್ಲದೆ ಬಂದ ಮೆಸೇಜು: ಕಳಿಸಿದವನಿಗೆ ಬೇಕಾದದ್ದು ಏನು?

ಶಾರ್ಜಾದ ಒಂದು ಲೇಬರ್ ಕ್ಯಾಂಪಿನಿಂದ ರಾತ್ರಿ 10.40ಕ್ಕೆ ದುಬೈಯಲ್ಲಿರುವ ಒಬ್ಬ ಕನ್ನಡಿಗರ ಫೋನಿಗೆ ವಾಟ್ಸ್ಆ್ಯಪ್ ಮೆಸೇಜು ಬಂತು. ಕಳಿಸಿದವನು ಉಡುಪಿ ಕಡೆಯ ಎಸಿ ಮೆಕ್ಯಾನಿಕ್, ನಾಲ್ಕು ವರ್ಷದಿಂದ ಒಂದೇ ಕಂಪೆನಿಯಲ್ಲಿ ಇರುವವನು. ಪಡೆದವರು ಒಂದು ಆಫೀಸಿನ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡುವವರು. ಊರಿನವರ ಫಾರ್ಮು, ಪತ್ರ, ಇನ್ಶೂರೆನ್ಸ್ ಅಂತ ಯಾವುದಿದ್ದರೂ ಓದಿ ಹೇಳುವುದು ಇವರಿಗೆ ರೂಢಿ. ಸಾಮಾನ್ಯವಾಗಿ ಆತ "ಅಣ್ಣ, ಊಟ ಆಯ್ತಾ" ಎಂದು ಶುರು ಮಾಡುವವನು. ಅವತ್ತು ಅದೂ ಇಲ್ಲ. ಎಂಟು ಸಾಲಿನ ಇಂಗ್ಲಿಷ್ ಮಾತ್ರ, ಅದರ ಹಿಂದೆ ಮುಂದೆ ಒಂದಕ್ಷರವೂ ಇಲ್ಲ.

ಆ ಎಂಟು ಸಾಲಿನ ಸಾರಾಂಶ ಹೀಗಿತ್ತು: "ಕೆಳಗೆ ಸಹಿ ಮಾಡಿದ ನಾನು, ವೈಯಕ್ತಿಕ ಕಾರಣಗಳಿಂದ ನನ್ನ ಕೆಲಸಕ್ಕೆ ಸ್ವಇಚ್ಛೆಯಿಂದ ರಾಜೀನಾಮೆ ನೀಡುತ್ತಿದ್ದೇನೆ. ನನಗೆ ಬರಬೇಕಾದ ಸಂಬಳ, ರಜೆಯ ಹಣ, ಗ್ರಾಚ್ಯುಟಿ ಎಲ್ಲವೂ ಪೂರ್ತಿ ಕೈಸೇರಿದೆ. ಕಂಪೆನಿಯ ಮೇಲೆ ಇನ್ನು ನನ್ನ ಯಾವ ಹಕ್ಕೂ ಬಾಕಿ ಇಲ್ಲ." ಕೊನೆಗೆ ಹೆಸರು, ಪಾಸ್‌ಪೋರ್ಟ್ ನಂಬರು ಮತ್ತು ತಾರೀಕಿಗೆ ಖಾಲಿ ಗೆರೆ.

ಅಕೌಂಟ್ಸ್‌ನವರಿಗೆ ಮೊದಲು ಅನಿಸಿದ್ದು, ಹುಡುಗ ಕೆಲಸ ಬಿಡುತ್ತಿದ್ದಾನೆ, ಇಂಗ್ಲಿಷ್ ಸರಿ ಮಾಡಿಕೊಡಿ ಎಂದು ಕಳಿಸಿದ್ದಾನೆ ಅಂತ. ಹಾಗೆ ಕೇಳುವವರು ಬಹಳ ಜನ ಇರುತ್ತಾರೆ. ಪತ್ರದಲ್ಲಿ ಎರಡು ಸ್ಪೆಲ್ಲಿಂಗ್ ತಪ್ಪೂ ಇದ್ದವು. ಅವನ್ನು ತಿದ್ದಿ ವಾಪಸು ಕಳಿಸಲು ಅವರು ಹೊರಟೂ ಆಗಿತ್ತು. ಕಳಿಸಿದ್ದರೆ ಅದು ಉಪಕಾರದಂತೆ ಕಾಣುತ್ತಿತ್ತು, ಹುಡುಗ ಆ ತಿದ್ದಿದ ಪತ್ರಕ್ಕೇ ಬೆಳಿಗ್ಗೆ ಸಹಿ ಹಾಕುತ್ತಿದ್ದ.

ಅವರನ್ನು ತಡೆದದ್ದು "ನಾನು" ಎಂಬ ಒಂದು ಪದ. ಬೇರೆಯವರ ಬರಹವನ್ನು ಕಾಪಿ ಮಾಡಿ ಪೇಸ್ಟ್ ಮಾಡಿದಾಗ ಅದರೊಳಗಿನ "ನಾನು" ಯಾರು, "ನೀನು" ಯಾರು ಎಂಬುದು ಕಳೆದುಹೋಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫಾರ್ವರ್ಡ್ ಮಾಡಿದ ಮೆಸೇಜಿನ ಮೇಲೆ ಫಾರ್ವರ್ಡ್ ಎಂಬ ಗುರುತು ಬರುತ್ತದೆ. ಪೇಸ್ಟ್ ಮಾಡಿದ್ದಕ್ಕೆ ಯಾವ ಗುರುತೂ ಇಲ್ಲ, ಕಳಿಸಿದವನೇ ಕೂತು ಟೈಪ್ ಮಾಡಿದಂತೆ ಕಾಣುತ್ತದೆ. ಹಾಗಾಗಿ ಆಫೀಸಿನವರು ಬರೆದ "ನಾನು ರಾಜೀನಾಮೆ ನೀಡುತ್ತಿದ್ದೇನೆ" ಎಂಬ ಮಾತು ಹುಡುಗನ ಬಾಯಿಂದಲೇ ಬಂದಂತೆ ಆಗಿಬಿಟ್ಟಿತು.

ಅದೇ ಹೊತ್ತಿಗೆ ಅವನು ಅದೇ ಎಂಟು ಸಾಲನ್ನು ಊರಿನಲ್ಲಿದ್ದ ಹೆಂಡತಿಗೂ ಕಳಿಸಿದ್ದ. ಅವರು ಪಿಯುಸಿ ಓದಿದವರು, ಇಂಗ್ಲಿಷ್ ಅಷ್ಟಿಷ್ಟು ಅರ್ಥವಾಗುತ್ತದೆ. ಗಂಡ ಒಂದು ಮಾತೂ ಹೇಳದೆ ಕೆಲಸ ಬಿಟ್ಟ, ಹಣವನ್ನೆಲ್ಲ ತಗೊಂಡೂ ಆಯ್ತು ಎಂದೇ ಅವರು ಓದಿಕೊಂಡರು. ಮನೆ ಸಾಲ ಇನ್ನೂ ಬಾಕಿ ಇತ್ತು. ಆ ರಾತ್ರಿ ಅವರು ಮುಂಬಯಿಯ ಅಣ್ಣನಿಗೆ ಫೋನ್ ಮಾಡಿ ಅತ್ತರು. ಅಣ್ಣ ಸಿಟ್ಟಿನಲ್ಲಿ ಭಾವನಿಗೆ ಒಂದು ವಾಯ್ಸ್ ಮೆಸೇಜು ಹಾಕಿದರು. ಕೆಲಸದ ಚಿಂತೆಯಲ್ಲಿ ಕೂತಿದ್ದವನಿಗೆ ಮನೆಯಿಂದ ಬಂದದ್ದು ಬೈಗುಳ.

ಜನ ಯಾಕೆ ಹೀಗೆ ಒಂದು ಮಾತೂ ಸೇರಿಸದೆ ಕಳಿಸುತ್ತಾರೆ? ಹನ್ನೆರಡು ಗಂಟೆ ಕೆಲಸ ಮಾಡಿ ಬಂದವನಿಗೆ ಕನ್ನಡ ಕೀಬೋರ್ಡು ಹುಡುಕಿ ಬರೆಯುವ ತಾಳ್ಮೆ ಇರುವುದಿಲ್ಲ ಎಂಬುದು ಒಂದು ಕಾರಣ. ರೂಮಿನಲ್ಲಿ ಐದಾರು ಜನ ಇರುವಾಗ ವಾಯ್ಸ್ ಮೆಸೇಜಿನಲ್ಲಿ ಸಂಬಳದ ವಿಷಯ ಮಾತಾಡಲು ಸಂಕೋಚ ಇನ್ನೊಂದು. ಆದರೆ ದೊಡ್ಡ ಕಾರಣ ಬೇರೆ. ಬಂದ ಕಾಗದ ಏನೆಂದೇ ಗೊತ್ತಿಲ್ಲದವನಿಗೆ ಏನು ಕೇಳಬೇಕು ಎಂಬುದೂ ಗೊತ್ತಿರುವುದಿಲ್ಲ. "ಇದಕ್ಕೆ ಸಹಿ ಹಾಕಿದರೆ ನನ್ನ ಇನ್ಶೂರೆನ್ಸ್ ಹೋಗುತ್ತದಾ" ಎಂದು ಕೇಳಬೇಕಾದರೆ ಅದು ರಾಜೀನಾಮೆ ಪತ್ರ ಎಂದು ಮೊದಲು ತಿಳಿದಿರಬೇಕಲ್ಲ. ಆದ್ದರಿಂದ ಸುಮ್ಮನೆ ಬಂದ ಮೆಸೇಜನ್ನು ಉಡಾಫೆ ಎಂದು ತಿಳಿಯುವುದು ತಪ್ಪು. ಹೆಚ್ಚಿನ ಸಲ ಅದು ಗೊಂದಲವೇ. "ಎಂತ ಮಾಡ್ಬೇಕು ಸರಿಯಾಗಿ ಹೇಳು ಮಾರಾಯ" ಎಂದು ಗದರಿಸಿದರೆ ಅವನು ಇನ್ನೊಮ್ಮೆ ಕಳಿಸುವುದಿಲ್ಲ, ಅಷ್ಟೆ.

ಇಂಥ ಮೆಸೇಜು ಕಳಿಸುವವರಿಗೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಬೇಕಿರುತ್ತದೆ. ಇದರ ಅರ್ಥ ಏನು, ಇದು ನಿಜವಾ ಮೋಸವಾ, ಈಗ ನಾನು ಏನು ಮಾಡಬೇಕು, ಇದಕ್ಕೆ ಉತ್ತರ ಬರೆದುಕೊಡಿ. ಐದನೆಯದೂ ಒಂದಿದೆ: ಏನೂ ಬೇಡ, ಸುಮ್ಮನೆ ನಿಮಗೂ ತಿಳಿದಿರಲಿ. ನಾಲ್ಕರಲ್ಲಿ ಯಾವುದು ಎಂದು ಊಹಿಸಿ ಕೆಲಸ ಶುರು ಮಾಡಿದರೆ ನಷ್ಟ ಒಂದೇ ಥರ ಇರುವುದಿಲ್ಲ. ಅರ್ಥ ಕೇಳದವನಿಗೆ ಅರ್ಥ ಹೇಳಿದರೆ ಎರಡು ನಿಮಿಷ ವ್ಯರ್ಥ, ಅಷ್ಟೇ. ಆದರೆ ಅರ್ಥ ಬೇಕಿದ್ದವನಿಗೆ ಪತ್ರ ತಿದ್ದಿ ಕೊಟ್ಟರೆ ಅವನು ಅದನ್ನು "ಅಣ್ಣ ನೋಡಿದ್ದಾರೆ, ಸಹಿ ಹಾಕಬಹುದು" ಎಂದು ತಿಳಿಯುತ್ತಾನೆ. ತಿದ್ದುವುದು ಅಂದರೆ ಒಪ್ಪಿಗೆ ಕೊಟ್ಟ ಹಾಗೆಯೇ. ಹೀಗಾಗಿ ಸಂಶಯ ಇದ್ದಾಗ ಅರ್ಥದಿಂದ ಶುರು ಮಾಡುವುದೇ ಕ್ಷೇಮ.

ಯಾವುದು ಬೇಕು ಎಂಬುದಕ್ಕೆ ಸುಳಿವು ಮಾತ್ರ ಆ ಬರಹದಲ್ಲೇ ಇರುತ್ತದೆ. ದುಬೈಯವರು ತಿದ್ದುವುದನ್ನು ನಿಲ್ಲಿಸಿ ಮತ್ತೊಮ್ಮೆ ಓದಿದಾಗ ಕಂಡದ್ದು ಮೂರು ಸಂಗತಿ.

ಒಂದು, ಭಾಷೆ. ಸ್ಪೆಲ್ಲಿಂಗ್ ತಪ್ಪಿದ್ದರೂ ಅದು ಆಫೀಸಿನ ಇಂಗ್ಲಿಷ್. "ಅಂಡರ್‌ಸೈನ್ಡ್", "ಫುಲ್ ಆ್ಯಂಡ್ ಫೈನಲ್ ಸೆಟಲ್‌ಮೆಂಟ್" ಎಂಬ ಪದಗಳು ಆ ಹುಡುಗನ ಮೊಬೈಲಿನಿಂದ ಎಂದೂ ಬಂದದ್ದಿಲ್ಲ. ಎರಡು, ಖಾಲಿ ಗೆರೆ. ತನ್ನ ರಾಜೀನಾಮೆಯನ್ನು ತಾನೇ ಬರೆಯುವವನು ತನ್ನ ಹೆಸರಿನ ಜಾಗ ಖಾಲಿ ಬಿಡುವುದಿಲ್ಲ. ಖಾಲಿ ಬಿಟ್ಟ ಪತ್ರ ಹಲವರಿಗೆಂದು ಮಾಡಿದ್ದು, ಅಂದರೆ ಅದೇ ಕ್ಯಾಂಪಿನಲ್ಲಿ ಇನ್ನೂ ಬೇರೆಯವರಿಗೂ ಹೋಗಿದೆ. ಮೂರು, ಕಾಲ ಹೊಂದುವುದಿಲ್ಲ. ಹಣವೆಲ್ಲ ಕೈಸೇರಿದೆ ಎನ್ನುತ್ತದೆ ಪತ್ರ. ಆದರೆ ಆ ಹುಡುಗ ಅದೇ ದಿನ ಸೈಟಿಗೆ ಹೋಗಿ ಬಂದಿದ್ದಾನೆ ಎಂಬುದು ಇವರಿಗೆ ಗೊತ್ತಿತ್ತು. ಕೆಲಸದಲ್ಲಿ ಇರುವವನ ಕೈಗೆ ಕೊನೆಯ ಲೆಕ್ಕದ ಹಣ ಬಂದಿರಲು ಸಾಧ್ಯವೇ?

ಇನ್ನೊಂದು ಸಣ್ಣ ಗುರುತು ಇಂಥ ಹೊತ್ತಿನಲ್ಲಿ ಉಪಯೋಗಕ್ಕೆ ಬರುತ್ತದೆ. ಆಂಡ್ರಾಯ್ಡ್ ಫೋನಿನ ವಾಟ್ಸ್ಆ್ಯಪ್‌ನಲ್ಲಿ ಎರಡು ಮೂರು ಮೆಸೇಜನ್ನು ಒಟ್ಟಿಗೆ ಆರಿಸಿ ಕಾಪಿ ಮಾಡಿದರೆ ಪೇಸ್ಟ್ ಮಾಡುವಾಗ ಪ್ರತಿ ಮೆಸೇಜಿನ ಮುಂದೆ ತಾರೀಕು, ಹೊತ್ತು ಮತ್ತು ಬರೆದವರ ಹೆಸರೂ ಸೇರಿ ಬರುತ್ತದೆ. ಹೀಗೆ:

```
[11/09, 9:52 pm] HR Office:
```

ಒಂದೇ ಮೆಸೇಜನ್ನು ಕಾಪಿ ಮಾಡಿದರೆ ಈ ಸಾಲು ಬರುವುದಿಲ್ಲ, ಬರಹ ಮಾತ್ರ ಬರುತ್ತದೆ. ಮೆಕ್ಯಾನಿಕ್ ಕಾಪಿ ಮಾಡಿದ್ದು ಪತ್ರವಿದ್ದ ಒಂದೇ ಮೆಸೇಜನ್ನು. ಅದರ ಹಿಂದೆ ಆಫೀಸಿನವರು "ನಾಳೆ ಬೆಳಿಗ್ಗೆ ಬಸ್ಸಿಗೆ ಮೊದಲು ಸಹಿ ಮಾಡಿ ಕೊಡಿ" ಎಂದು ಹಾಕಿದ್ದ ಇನ್ನೊಂದು ಮೆಸೇಜು ಅವನ ಫೋನಿನಲ್ಲೇ ಉಳಿದಿತ್ತು. ಮುಖ್ಯವಾದ ಮಾತೇ ಅದು, ಆದರೆ ಬಂದ ಬರಹದಲ್ಲಿ ಅದು ಇರಲಿಲ್ಲ. ಇದಕ್ಕಾಗಿ ಪೇಸ್ಟ್ ಮಾಡಿದ್ದು ಬಂದಾಗ ಸ್ಕ್ರೀನ್‌ಶಾಟ್ ಕೇಳುವುದು ಒಳ್ಳೆಯದು. ಯಾರು ಕಳಿಸಿದ್ದು, ಯಾವಾಗ, ಹಿಂದೆ ಮುಂದೆ ಏನಿತ್ತು, ಜೊತೆಗೆ ಪಿಡಿಎಫ್ ಇತ್ತಾ ಎಂಬುದೆಲ್ಲ ಅದರಲ್ಲಿ ಒಮ್ಮೆಲೇ ಕಾಣುತ್ತದೆ.

ದುಬೈಯವರು ಕೊಟ್ಟ ಉತ್ತರ ಚಿಕ್ಕದಾಗಿತ್ತು. "ಇದು ರಾಜೀನಾಮೆ ಪತ್ರ. ನೀನಾಗಿ ಕೆಲಸ ಬಿಡ್ತಾ ಇದ್ದೀ, ಎಲ್ಲ ಹಣ ಸಿಕ್ಕಿದೆ ಅಂತ ಇದೆ. ನೀನು ಬರೆಸಿದ್ದಾ ಆಫೀಸಿನವರು ಕಳಿಸಿದ್ದಾ? ಸಹಿ ಹಾಕಿ ಆಯ್ತಾ?" ಇಷ್ಟೇ. ಮೊದಲು ಅರ್ಥ, ಆಮೇಲೆ ಒಂದೊಂದೇ ಪದದಲ್ಲಿ ಉತ್ತರಿಸಬಹುದಾದ ಎರಡು ಪ್ರಶ್ನೆ. "ಏನು ಬೇಕಿತ್ತು?" ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಅವನು "ಏನಿಲ್ಲ ಅಣ್ಣ, ಸುಮ್ನೆ ನೋಡಿ ಅಂತ" ಎನ್ನುತ್ತಿದ್ದ. ಆಯಾಸದಲ್ಲಿ ಇರುವವನಿಗೆ ಹೌದು, ಅಲ್ಲ ಎನ್ನುವಂಥ ಪ್ರಶ್ನೆ ಸುಲಭ. ಜೊತೆಗೆ, ಪ್ರಶ್ನೆಗೆ ಮೊದಲು ಅರ್ಥ ಹೇಳಿದ್ದರಿಂದ, ಅವನು ಉತ್ತರ ಕೊಡದೆ ನಿದ್ದೆ ಹೋದರೂ ಬೆಳಿಗ್ಗೆ ಪೆನ್ನು ಹಿಡಿಯುವ ಮುಂಚೆ ಆ ಒಂದು ಸಾಲು ಅವನ ಕಣ್ಣಿಗೆ ಬೀಳುತ್ತಿತ್ತು.

ಉತ್ತರ ಕೂಡಲೇ ಬಂತು, ಅದೂ ವಾಯ್ಸ್ ಮೆಸೇಜಿನಲ್ಲಿ, ಪಿಸುಮಾತಿನಲ್ಲಿ. "ಅಯ್ಯೋ ಅಣ್ಣ, ನಾನು ಬರೆದದ್ದಲ್ಲ. ಪ್ರಾಜೆಕ್ಟ್ ಮುಗೀತು, ಹೊಸ ವೀಸಾಕ್ಕೆ ಇದು ಬೇಕು ಅಂತ ಹೇಳಿದ್ದಾರೆ. ರೂಮಿನಲ್ಲಿ ನಾಲ್ಕು ಜನ ಸಂಜೆಯೇ ಸೈನ್ ಮಾಡಿ ಕೊಟ್ಟರು. ನನಗೆ ಎಂತದೋ ಸರಿ ಕಾಣಲಿಲ್ಲ."

ಈಗ ಕಳಿಸಿದವನಿಗೆ ಬೇಕಾದದ್ದು ಏನೆಂದು ಸ್ಪಷ್ಟವಾಯಿತು. ಸಹಿ ಹಾಕಬೇಕಾ ಬೇಡವಾ? ಇದಕ್ಕೆ ಉತ್ತರ ಹೇಳಬೇಕಾದರೆ ಯುಎಇಯಲ್ಲಿ ರಾಜೀನಾಮೆಗೂ, ಕಂಪೆನಿಯೇ ಕೆಲಸದಿಂದ ತೆಗೆಯುವುದಕ್ಕೂ ಇರುವ ವ್ಯತ್ಯಾಸ ತಿಳಿದಿರಬೇಕು. ಸೌದಿ, ಕುವೈಟ್, ಕತಾರ್, ಒಮಾನ್‌ಗಳಲ್ಲಿ ಕಾನೂನು ಬೇರೆ ಬೇರೆ, ಅಲ್ಲಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಗ್ರಾಚ್ಯುಟಿ ವಿಷಯದಲ್ಲಿ ನಮ್ಮವರಲ್ಲಿ ಇನ್ನೂ ಹಳೆಯ ಭಯ ಇದೆ, ರಾಜೀನಾಮೆ ಕೊಟ್ಟರೆ ಅರ್ಧಕ್ಕರ್ಧ ಹೋಗುತ್ತದೆ ಅಂತ. ಹಿಂದಿನ ಕಾನೂನಿನಲ್ಲಿ ಕಡಿತ ಇದ್ದದ್ದು ನಿಜ. 2022ರ ಫೆಬ್ರವರಿ 2ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಕಾನೂನಿನಲ್ಲಿ ಆ ಕಡಿತ ಇಲ್ಲ. ಒಂದು ವರ್ಷ ಪೂರೈಸಿದವನಿಗೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನ, ಅನಂತರದ ವರ್ಷಗಳಿಗೆ 30 ದಿನದ ಮೂಲ ವೇತನ. ಮೆಕ್ಯಾನಿಕ್‌ನ ಬೇಸಿಕ್ 1,200 ದಿರ್ಹಂ. ದಿನಕ್ಕೆ 40 ದಿರ್ಹಂ, 21 ದಿನಕ್ಕೆ 840, ನಾಲ್ಕು ವರ್ಷಕ್ಕೆ 3,360 ದಿರ್ಹಂ. ತಾನೇ ಬಿಟ್ಟರೂ, ಕಂಪೆನಿ ತೆಗೆದರೂ ಲೆಕ್ಕ ಇದೇ. ಕೆಲಸ ಕೊನೆಗೊಂಡ 14 ದಿನದೊಳಗೆ ಕಂಪೆನಿ ಎಲ್ಲ ಬಾಕಿ ಕೊಡಬೇಕು ಎಂದೂ ಕಾನೂನಿನಲ್ಲಿದೆ.

ಹಾಗಾದರೆ ನಷ್ಟ ಎಲ್ಲಿ? "ಎಲ್ಲ ಹಣ ಕೈಸೇರಿದೆ" ಎಂಬ ಸಾಲಿನಲ್ಲಿ. ಆ 3,360 ಸಿಗುವ ಮೊದಲೇ ಸಿಕ್ಕಿತು ಎಂದು ಸಹಿ ಹಾಕಿ ಕೊಟ್ಟರೆ, ನಾಳೆ ಕೊಡದಿದ್ದಾಗ ಕಂಪೆನಿ ತೋರಿಸುವುದು ಅವನದೇ ಸಹಿ. ದೂರು ಕೊಡಲು ಆಗುವುದಿಲ್ಲ ಎಂದಲ್ಲ, ಆದರೆ ತನ್ನ ಸಹಿಗೆ ತಾನೇ ಎದುರು ನಿಂತು ಸಾಬೀತು ಮಾಡಬೇಕಾಗುತ್ತದೆ.

ಎರಡನೆಯ ನಷ್ಟ ನೋಟಿಸ್ ಅವಧಿಯದ್ದು. ಕಾಂಟ್ರಾಕ್ಟಿನಲ್ಲಿ 30ರಿಂದ 90 ದಿನದೊಳಗೆ ಎಷ್ಟು ಬರೆದಿದೆಯೋ ಅಷ್ಟು ದಿನ ಮುಂಚಿತವಾಗಿ, ಬಿಡಿಸುವವರು ಲಿಖಿತವಾಗಿ ತಿಳಿಸಬೇಕು. ಆ ದಿನಗಳಿಗೆ ಸಂಬಳ ಇದೆ. ನೋಟಿಸ್ ಕೊಡದೆ ಕಳಿಸಿದರೆ ಅಷ್ಟು ದಿನದ ಸಂಬಳವನ್ನು ಪರಿಹಾರವಾಗಿ ಕೊಡಬೇಕು. ಪತ್ರದಲ್ಲಿ ಅವನೇ ರಾಜೀನಾಮೆ ಕೊಟ್ಟಂತೆ ಇದ್ದರೆ ನೋಟಿಸ್ ಪಾಲಿಸಬೇಕಾದ ಹೊಣೆ ತಿರುಗಿ ಅವನ ಮೇಲೆ ಬರುತ್ತದೆ.

ಮೂರನೆಯದನ್ನು ಕ್ಯಾಂಪಿನಲ್ಲಿ ಹೆಚ್ಚಿನವರು ಯೋಚಿಸುವುದೇ ಇಲ್ಲ. ಅದು ಕೆಲಸ ಕಳೆದುಕೊಂಡಾಗಿನ ಇನ್ಶೂರೆನ್ಸ್, ಎಲ್ಲರ ಬಾಯಲ್ಲಿ ಐಎಲ್‌ಒಇ. 2023ರ ಜನವರಿಯಿಂದ ಇದು ಕಡ್ಡಾಯ. ಮೂಲ ವೇತನ 16,000 ದಿರ್ಹಂ ತನಕ ಇರುವವರಿಗೆ ತಿಂಗಳಿಗೆ 5 ದಿರ್ಹಂ. ದಂಡ ಬೀಳಬಾರದು ಎಂದು ಕಟ್ಟುತ್ತಾರೆಯೇ ಹೊರತು ಇದರಿಂದ ಹಣ ಸಿಗುತ್ತದೆ ಎಂಬುದು ಅನೇಕರಿಗೆ ಮರೆತಿದೆ. ಕನಿಷ್ಠ 12 ತಿಂಗಳು ಎಡೆಬಿಡದೆ ಕಟ್ಟಿದವನನ್ನು ಕಂಪೆನಿ ಕೆಲಸದಿಂದ ತೆಗೆದರೆ ಮೂಲ ವೇತನದ ಶೇ. 60ರಷ್ಟು ಮೂರು ತಿಂಗಳ ತನಕ ಸಿಗುತ್ತದೆ. 1,200ಕ್ಕೆ ತಿಂಗಳಿಗೆ 720, ಮೂರು ತಿಂಗಳಿಗೆ 2,160 ದಿರ್ಹಂ. ಕೆಲಸ ಹೋದ 30 ದಿನದೊಳಗೆ ಕ್ಲೇಮ್ ಹಾಕಬೇಕು, ದೇಶದಲ್ಲೇ ಇರಬೇಕು, ಬೇರೆ ಕೆಲಸ ಸಿಕ್ಕಿದರೆ ನಿಲ್ಲುತ್ತದೆ. ಶಿಸ್ತುಕ್ರಮದಿಂದ ತೆಗೆದವರಿಗೆ ಇಲ್ಲ. ತಾನಾಗಿ ರಾಜೀನಾಮೆ ಕೊಟ್ಟವರಿಗೂ ಇಲ್ಲ. ಪತ್ರದಲ್ಲಿದ್ದ "ಸ್ವಇಚ್ಛೆಯಿಂದ" ಎಂಬ ಒಂದು ಪದಕ್ಕೆ ಬೆಲೆ ಕಟ್ಟಿದರೆ ಅದು 2,160 ದಿರ್ಹಂ.

ಇಷ್ಟನ್ನೂ ದುಬೈಯವರು ಆ ರಾತ್ರಿ ಅವನಿಗೆ ಬರೆಯಲಿಲ್ಲ. ಬರೆದಿದ್ದರೆ ಅವನಿಗೆ ಅದು ಇನ್ನೊಂದು ಅರ್ಥವಾಗದ ಉದ್ದ ಮೆಸೇಜು ಆಗುತ್ತಿತ್ತು. ಅವರು ಕಳಿಸಿದ್ದು ಮೂರು ಸಾಲು. "ಬೆಳಿಗ್ಗೆ ಸೈನ್ ಮಾಡಬೇಡ. ಓದಿ ನೋಡಬೇಕು, ಎರಡು ದಿನ ಟೈಮ್ ಕೊಡಿ ಅಂತ ಮೆಸೇಜಲ್ಲೇ ಹೇಳು, ಜಗಳ ಮಾಡಬೇಡ. ಆಫೀಸಿನವರು ಹಾಕಿದ್ದು ಯಾವುದನ್ನೂ ಡಿಲೀಟ್ ಮಾಡಬೇಡ, ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೋ." ಅದರ ಜೊತೆ, ಆಫೀಸಿಗೆ ಕಳಿಸಲು ಒಂದು ಸಾಲಿನ ಇಂಗ್ಲಿಷ್ ಉತ್ತರ. ಅದನ್ನು ಅವರು ಬೇರೆಯೇ ಮೆಸೇಜಾಗಿ ಹಾಕಿ, ಅದರ ಮೇಲೆ "ಇದು ಆಫೀಸಿಗೆ" ಎಂದು ಕನ್ನಡದಲ್ಲಿ ಬರೆದರು. ಸಣ್ಣ ಸಂಗತಿ ಅನಿಸಬಹುದು, ಆದರೆ ತಿಳಿವಳಿಕೆಯ ಮಾತು ಮತ್ತು ಕಳಿಸಬೇಕಾದ ಮಾತು ಒಂದೇ ಮೆಸೇಜಿನಲ್ಲಿದ್ದರೆ ಎರಡನ್ನೂ ಸೇರಿಸಿ ಆಫೀಸಿಗೇ ಫಾರ್ವರ್ಡ್ ಮಾಡಿದವರಿದ್ದಾರೆ. "ಸೈನ್ ಮಾಡಬೇಡ" ಎಂಬ ಸಲಹೆ ಎಚ್‌ಆರ್ ಕೈಗೆ ಹೋದರೆ ಹೇಗಿರಬೇಡ!

ಕಂಪೆನಿ ಜೊತೆ ಮಾತು ಮುಂದುವರಿಯದಿದ್ದರೆ ಕಾರ್ಮಿಕ ಸಚಿವಾಲಯದ ಸಲಹೆ ಮತ್ತು ದೂರಿನ ನಂಬರು 80084. ಸಚಿವಾಲಯದ ಆ್ಯಪಿನಲ್ಲೂ ದೂರು ಕೊಡಬಹುದು. ಆಗಲೇ ಸಹಿ ಹಾಕಿದ ನಾಲ್ವರಿಗೂ ಇದೇ ದಾರಿ. "ಸೈನ್ ಮಾಡಿ ಕೊಡಿ" ಎಂದು ಆಫೀಸಿನವರು ಹಾಕಿದ ಮೆಸೇಜು ಅವರ ಫೋನಿನಲ್ಲಿ ಉಳಿದಿದ್ದರೆ ಅದು ಸ್ವಇಚ್ಛೆ ಅಲ್ಲ ಎಂದು ತೋರಿಸಲು ಉಪಯೋಗಕ್ಕೆ ಬರುತ್ತದೆ.

ಪೇಸ್ಟ್ ಮಾಡಿದ ಬರಹದಲ್ಲಿ ಇನ್ನೊಂದು ಬಗೆಯ ಗೊಂದಲ ಇದೆ. ಬರಹದೊಳಗೇ ಆಜ್ಞೆ ಇರುತ್ತದೆ: ಈ ಲಿಂಕ್ ಒತ್ತಿ, ದಂಡ ಕಟ್ಟಿ, ಕೋಡ್ ಕಳಿಸಿ. ಊರಿನ ಹುಡುಗ ಒಂದು ಎಸ್ಎಂಎಸ್ ಪೇಸ್ಟ್ ಮಾಡಿ ಕಳಿಸಿದಾಗ ಓದಿದವರು ಅದು ಅವನ ಕೋರಿಕೆ ಎಂದೇ ತಿಳಿದು "ಪಾಪ, ಕಾರ್ಡು ಇಲ್ಲ ಅನ್ಸುತ್ತೆ" ಎಂದು ತಮ್ಮ ಕಾರ್ಡಿನಿಂದ ದಂಡ ಕಟ್ಟಲು ಹೊರಡುತ್ತಾರೆ. ಆದರೆ ಕಟ್ಟಿ ಎಂದದ್ದು ಎಸ್ಎಂಎಸ್, ಹುಡುಗ ಅಲ್ಲ. ಅವನಿಗೆ ಬೇಕಿದ್ದದ್ದು ಇದು ನಿಜವಾ ಎಂಬುದಷ್ಟೇ ಆಗಿರಬಹುದು. ಪೇಸ್ಟ್ ಮಾಡಿದಾಗ ಎಸ್ಎಂಎಸ್ ಯಾರ ಹೆಸರಿನಿಂದ ಬಂತು ಎಂಬುದು ಕಾಣುವುದಿಲ್ಲ, ಕಂಡರೂ ಆ ಹೆಸರನ್ನು ನಕಲು ಮಾಡಲು ಬರುತ್ತದೆ. ಲಿಂಕನ್ನು ಒತ್ತದೆ ಓದಿ ನೋಡಬಹುದು. ಯುಎಇ ಸರಕಾರಿ ತಾಣಗಳ ಹೆಸರು ಹೆಚ್ಚಾಗಿ `.gov.ae` ಎಂದು ಮುಗಿಯುತ್ತದೆ, ಮೊದಲು ಬರುವ ಒಂಟಿ ಓರೆ ಗೆರೆಯ ಹಿಂದಿನ ತುದಿಯಲ್ಲಿ ಅದು ಇರಬೇಕು, ನಡುವೆ ಎಲ್ಲೋ ಇದ್ದರೆ ಲೆಕ್ಕಕ್ಕಿಲ್ಲ. ಆದರೆ ಇದೊಂದನ್ನೇ ನೆಚ್ಚಿ ಕೂರಲೂ ಆಗದು: ಇನ್ಶೂರೆನ್ಸಿನ ಅಸಲಿ ತಾಣ `iloe.ae`, ಅದರಲ್ಲಿ ಗವರ್ನ್‌ಮೆಂಟ್ ಗುರುತಿಲ್ಲ. ಹೀಗಾಗಿ ಬಂದ ಲಿಂಕ್ ಒತ್ತುವ ಬದಲು ತಾಣದ ಹೆಸರನ್ನು ಕೈಯಾರೆ ಟೈಪ್ ಮಾಡಿ ಒಳಗೆ ಹೋಗಿ, ದಂಡ ನಿಜವಾಗಿ ಇದೆಯಾ ಎಂದು ನೋಡುವುದೇ ಒಳ್ಳೆಯದು.

ಕೋಡ್ ಇರುವ ಎಸ್ಎಂಎಸ್ ಪೇಸ್ಟ್ ಆಗಿ ಬಂದರೆ ಅರ್ಥ ಹೇಳುತ್ತಾ ಕೂರುವ ಹೊತ್ತಲ್ಲ. ಯಾರೋ ಅವನ ಖಾತೆಗೆ ಕೈ ಹಾಕಿರಬಹುದು. "ಯಾರಿಗೂ ಕಳಿಸಬೇಡ, ನನಗೂ" ಎಂದು ಮೊದಲು ಬರೆಯಬೇಕು, ಉಳಿದದ್ದು ಆಮೇಲೆ.

ಊರಿನಿಂದ ಬರುವ ಒಂಟಿ ಬರಹದಲ್ಲಿ ಸಾಮಾನ್ಯವಾದದ್ದು ಬ್ಯಾಂಕ್ ವಿವರ. ಹೆಸರು, ಅಕೌಂಟ್ ನಂಬರು, ಐಎಫ್‌ಎಸ್‌ಸಿ, ಬ್ರಾಂಚು. ಇಲ್ಲಿ ಕಳಿಸಿದವರಿಗೆ ಬೇಕಾದದ್ದು ಹಣ ಎಂಬುದರಲ್ಲಿ ಅನುಮಾನ ಇಲ್ಲ. ಅನುಮಾನ ಇರುವುದು ಕಳಿಸಿದ್ದು ಅವರೇನಾ ಎಂಬುದರಲ್ಲಿ, ಯಾಕೆಂದರೆ ಕದ್ದ ವಾಟ್ಸ್ಆ್ಯಪ್‌ನಿಂದ ಮೊದಲು ಬರುವುದೂ ಇಂಥದ್ದೇ ಬರಹ. ಐಎಫ್‌ಎಸ್‌ಸಿಯಲ್ಲಿ ಒಟ್ಟು 11 ಅಕ್ಷರ ಅಂಕಿ. ಮೊದಲ ನಾಲ್ಕು ಅಕ್ಷರ ಬ್ಯಾಂಕಿನದ್ದು, ಐದನೆಯದು ಸೊನ್ನೆ, ಕೊನೆಯ ಆರು ಬ್ರಾಂಚಿನದ್ದು. ತಂಗಿಯ ಅಕೌಂಟು ಕುಂದಾಪುರದಲ್ಲಿದ್ದು, ಬಂದ ಕೋಡು ಯಾವುದೋ ದೂರದ ರಾಜ್ಯದ ಬ್ರಾಂಚನ್ನು ತೋರಿಸಿದರೆ ಅಲ್ಲೇ ನಿಲ್ಲಬೇಕು. ಎಲ್ಲ ಸರಿ ಕಂಡರೂ ಧ್ವನಿ ಕೇಳದೆ ಎಕ್ಸ್‌ಚೇಂಜಿಗೆ ಹೋಗುವುದು ಬೇಡ. ಯುಎಇಯಲ್ಲಿ ವಾಟ್ಸ್ಆ್ಯಪ್ ಕರೆ ನಡೆಯದಿದ್ದರೂ ಬೋಟಿಮ್ ಇದೆ, ಮಾಮೂಲಿ ಫೋನ್ ಕರೆ ಇದೆ. "ಎಷ್ಟು, ಯಾತಕ್ಕೆ" ಎಂದು ಕೇಳಿದರೆ ತಂಗಿ ಬೇಜಾರು ಮಾಡಿಕೊಳ್ಳುವುದಿಲ್ಲ. ಕಳ್ಳನಾದರೆ ಅವಸರ ಮಾಡುತ್ತಾನೆ.

ಕಳಿಸುವವರ ಕಡೆಯಿಂದಲೂ ಸ್ವಲ್ಪ ಆಗಬೇಕಾದ್ದಿದೆ. ಹೆಚ್ಚೇನಲ್ಲ, ಪೇಸ್ಟ್ ಮಾಡಿದ ಮೇಲೆ ಎರಡು ಪದ ಸಾಕು. "ಆಫೀಸಿಂದ ಬಂತು, ಅರ್ಥ?" ಎಂದರೂ ಆಯಿತು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವಾದರೂ ಆಯಿತು. ಹೆಂಡತಿಗೆ ಕಳಿಸುವಾಗಲಂತೂ "ಇದು ನಾನು ಬರೆದದ್ದಲ್ಲ" ಎಂಬ ಒಂದು ಸಾಲು ಇದ್ದಿದ್ದರೆ ಉಡುಪಿಯಲ್ಲೂ ಮುಂಬಯಿಯಲ್ಲೂ ಆ ರಾತ್ರಿ ಮೂರು ಜನಕ್ಕೆ ನಿದ್ದೆ ಬರುತ್ತಿತ್ತು. ಪಾಸ್‌ಪೋರ್ಟ್ ನಂಬರು, ಎಮಿರೇಟ್ಸ್ ಐಡಿ ನಂಬರು ಇದ್ದರೆ ಅದನ್ನು ಅಳಿಸಿ ಕಳಿಸಬಹುದು, ಅರ್ಥ ಹೇಳಲು ಅದರ ಅಗತ್ಯ ಇಲ್ಲ.

ಮೆಕ್ಯಾನಿಕ್ ಮರುದಿನ ಬೆಳಿಗ್ಗೆ ಸಹಿ ಹಾಕಲಿಲ್ಲ. ಎರಡು ದಿನ ಕೇಳಿದ, ಸಿಕ್ಕಿತು. ಮೂರನೇ ದಿನ ಆಫೀಸಿನವರು ಮತ್ತೆ ಕೇಳಿದಾಗ, ಕೆಲಸ ಇಲ್ಲದಿದ್ದರೆ ಕಂಪೆನಿ ಕಡೆಯಿಂದ ಬರಹದಲ್ಲಿ ನೋಟಿಸ್ ಕೊಡಿ ಎಂದ. ಒಂದು ವಾರ ಕಾಯಿಸಿ 30 ದಿನದ ನೋಟಿಸ್ ಕೊಟ್ಟರು. ಅದನ್ನೂ ಅವನು ದುಬೈಗೆ ಕಳಿಸಿದ, ಈ ಸಲ ಸ್ಕ್ರೀನ್‌ಶಾಟ್. ಕೆಳಗೆ ಬರೆದಿದ್ದ: "ಅಣ್ಣ, ಇದಕ್ಕೆ ಸೈನ್ ಮಾಡಬಹುದಾ? ರೂಮಿನ ನಾಲ್ಕು ಜನರ ಪತ್ರವೂ ಕಳಿಸಲಾ?"